ಮಂಗಳೂರಿನ ಸೆಕೆಯಲ್ಲಿ ಐದು ಗಂಟೆ ಸೈಕಲ್: ಎಷ್ಟು ನೀರು, ಎಷ್ಟು ಉಪ್ಪು?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಬೆಂಗಳೂರಿಂದ ಮಂಗಳೂರಿಗೆ ವರ್ಗ ಆಗಿ ಬಂದು ಎರಡು ತಿಂಗಳಾಯ್ತು. ಭಾನುವಾರ ಬೆಳಗ್ಗೆ 6ಕ್ಕೆ ಹೊರಟು ಮೂಡುಬಿದಿರೆ ಮೇಲೆ ಕಾರ್ಕಳಕ್ಕೆ ಹೋಗಿ 11ಕ್ಕೆ ವಾಪಸ್ ಬರ್ತೀನಿ, ಸುಮಾರು 100 ಕಿ.ಮೀ. ಸೈಕಲ್. ಇಲ್ಲಿ ವಿಪರೀತ ಬೆವರು, ಅದಕ್ಕೇ 750 ಎಂಎಲ್‌ನ ಏಳು ಬಾಟಲಿ ನೀರು, ಎರಡು ಎಳನೀರು ಕುಡೀತೀನಿ. ಆದರೂ ಮಧ್ಯಾಹ್ನ ತಲೆನೋವು, ವಾಕರಿಕೆ, ಕೈಬೆರಳು ಊದಿ ಉಂಗುರ ಬಿಗಿಯಾಗುತ್ತೆ. ನೀರು ಸಾಲಲಿಲ್ಲ ಅಂತ ಮನೆಗೆ ಬಂದು ಇನ್ನೂ ಒಂದೂವರೆ ಲೀಟರ್ ಕುಡಿದು ನೋವಿನ ಮಾತ್ರೆ ತಗೊಂಡು ಮಲಗ್ತೀನಿ. ಕಳೆದ ವಾರ ಕುತೂಹಲಕ್ಕೆ ಬಟ್ಟೆ ತೆಗೆದು ತೂಕ ನೋಡಿದೆ. ಹೋಗುವಾಗ 74.2 ಕೆಜಿ, ಬಂದಾಗ 74.6. ದಾರಿಯಲ್ಲಿ ಇಡ್ಲಿ, ಕಾಫಿ ಆಗಿತ್ತು. ಮೂತ್ರಕ್ಕೆ ಹೋಗಿದ್ದು ಒಂದೇ ಸಲ. ಅಪ್ಪನಿಗೆ ಬಿಪಿ ಇದೆ ಅಂತ ನಾನೂ ಉಪ್ಪು ಕಮ್ಮಿ ಮಾಡಿದ್ದೀನಿ. ಎಲೆಕ್ಟ್ರೋಲೈಟ್ ಪುಡಿ ತಗೋಬೇಕಾ? ಯಾವುದು?

ಉತ್ತರ: ಪುಡಿಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ತೂಕ. ಐದು ಗಂಟೆ ಬೆವರಿಳಿಸಿ ಮನೆಗೆ ಬಂದವರ ತೂಕ ಇಳಿದಿರಬೇಕು. ನಿಮ್ಮದು ಏರಿದೆ. ನಿಮಗೆ ನೀರು ಸಾಲುತ್ತಿಲ್ಲ ಅನ್ನೋದು ಸುಳ್ಳು, ನೀರು ಜಾಸ್ತಿ ಆಗುತ್ತಿದೆ. ತಲೆನೋವು ಬಂದಾಗ ಮತ್ತೆ ಒಂದೂವರೆ ಲೀಟರ್ ಕುಡಿದಿದ್ದೀರಲ್ಲ, ಅದು ಇದ್ದ ತೊಂದರೆಗೆ ಇನ್ನಷ್ಟು ಸೇರಿಸಿದ ಹಾಗಾಯಿತು.

ರಕ್ತ ಪರೀಕ್ಷೆ ಮಾಡದೆ ನೂರಕ್ಕೆ ನೂರು ಹೇಳಲು ಬರುವುದಿಲ್ಲ. ತಲೆನೋವಿಗೆ ಬಿಸಿಲು, ಹಸಿವು, ಬಿಗಿಯಾದ ಹೆಲ್ಮೆಟ್, ಹ್ಯಾಂಡಲ್ ಮೇಲೆ ಬಾಗಿ ನೋಯುವ ಕುತ್ತಿಗೆ, ಏನು ಬೇಕಾದರೂ ಕಾರಣ ಆಗಬಹುದು. ಆದರೆ ಏರಿದ ತೂಕ, ಊದಿದ ಬೆರಳು, ವಾಕರಿಕೆ, ತಲೆನೋವು ಈ ನಾಲ್ಕೂ ಒಟ್ಟಿಗೆ ಬಂದರೆ ನಾವು ಮೊದಲು ಅನುಮಾನ ಪಡುವುದು ರಕ್ತದಲ್ಲಿ ಸೋಡಿಯಂ ಇಳಿದಿದೆಯಾ ಅಂತಲೇ. ಇದಕ್ಕೆ ಹೈಪೊನೇಟ್ರೀಮಿಯಾ ಅಂತಾರೆ. ರಕ್ತದಲ್ಲಿ ಸೋಡಿಯಂ ಸಾಮಾನ್ಯವಾಗಿ ಲೀಟರ್‌ಗೆ 135ರಿಂದ 145 ಮಿಲಿಮೋಲ್ ಇರುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ನೀರೂ ಹೋಗುತ್ತದೆ. ನೀವು ವಾಪಸ್ ತುಂಬಿಸುತ್ತಿರುವುದು ಬರೀ ನೀರು, ಅದೂ ಹೋದದ್ದಕ್ಕಿಂತ ಜಾಸ್ತಿ. ಉಪ್ಪು ಸರಿಯಾಗಿದ್ದ ಸಾರಿಗೆ ಚೊಂಬುಗಟ್ಟಲೆ ನೀರು ಹೊಯ್ದ ಹಾಗೆ ರಕ್ತ ತೆಳ್ಳಗಾಗುತ್ತದೆ. ಆಗ ನೀರು ರಕ್ತದಿಂದ ಜೀವಕೋಶಗಳ ಒಳಗೆ ನುಗ್ಗುತ್ತದೆ. ಬೇರೆ ಕಡೆ ಊತ ಬಂದರೆ ಚರ್ಮ ಹಿಗ್ಗುತ್ತದೆ, ನಡೆಯುತ್ತದೆ. ಮೆದುಳು ಮಾತ್ರ ಗಟ್ಟಿ ಬುರುಡೆಯ ಒಳಗಿದೆ, ಅದಕ್ಕೆ ಹಿಗ್ಗಲು ಜಾಗ ಇಲ್ಲ. ತಲೆನೋವು, ವಾಕರಿಕೆ ಶುರುವಾಗುವುದು ಅಲ್ಲಿಂದ.

ಜಾಸ್ತಿ ಕುಡಿದರೆ ಮೂತ್ರವಾಗಿ ಹೋಗಬೇಕಲ್ವಾ ಅಂತ ನೀವು ಕೇಳಬಹುದು. ಮನೆಯಲ್ಲಿ ಸುಮ್ನೆ ಕೂತಿದ್ದರೆ ಹೋಗುತ್ತಿತ್ತು. ಆದರೆ ಗಂಟೆಗಟ್ಟಲೆ ದಣಿವು, ಸೆಕೆ, ವಾಕರಿಕೆ, ನೋವು ಇವೆಲ್ಲ ಸೇರಿದಾಗ ಮೆದುಳಿನಿಂದ ಎಡಿಎಚ್ ಅನ್ನೋ ಹಾರ್ಮೋನ್ ಹೊರಬರುತ್ತದೆ. ನೀರು ಬಿಡಬೇಡ, ಹಿಡಿದಿಟ್ಟುಕೋ ಅಂತ ಮೂತ್ರಪಿಂಡಕ್ಕೆ ಆಜ್ಞೆ ಕೊಡುವುದು ಅದೇ. ಆರು ಲೀಟರ್ ಹತ್ತಿರ ಕುಡಿದೂ ನೀವು ಒಂದೇ ಸಲ ಮೂತ್ರಕ್ಕೆ ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಜೊತೆಗೆ, ಹೊಟ್ಟೆಯಲ್ಲಿ ಇನ್ನೂ ಹೀರದೆ ಉಳಿದ ನೀರು ಸೈಕಲ್ ನಿಲ್ಲಿಸಿದ ಮೇಲೆ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ. ಹಾಗಾಗಿ ರಸ್ತೆಯಲ್ಲಿ ಚೆನ್ನಾಗಿಯೇ ಇದ್ದು ಮಧ್ಯಾಹ್ನ ಊಟದ ಹೊತ್ತಿಗೆ ಕಷ್ಟ ಶುರುವಾಗುವುದು ಮಾಮೂಲಿ.

ಇದು ಎಲ್ಲೋ ಲಕ್ಷಕ್ಕೊಬ್ಬರಿಗೆ ಬರುವ ತೊಂದರೆ ಅಂದುಕೊಳ್ಳಬೇಡಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ತೆಗೆದು ನೋಡಿದಾಗ ಅವರಲ್ಲಿ 13 ಶೇಕಡಾ ಜನರಿಗೆ ಸೋಡಿಯಂ ಕಡಿಮೆ ಇತ್ತು. ಯಾರಿಗೆ ಹೀಗಾಗಿದೆ ಅಂತ ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ಏನು ಗೊತ್ತಾ? ಓಟದ ನಡುವೆ ಏರಿದ ತೂಕ. ಕುಡಿದಿದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನೋದು ಅಷ್ಟು ವ್ಯತ್ಯಾಸ ಮಾಡಿರಲಿಲ್ಲ. ಪುಡಿಯ ಪ್ರಶ್ನೆಯನ್ನು ನಾನು ಹಿಂದಕ್ಕೆ ತಳ್ಳಿದ್ದು ಇದಕ್ಕೇ. ಅಂಗಡಿಯಲ್ಲಿ ಸಿಗುವ ಎಲೆಕ್ಟ್ರೋಲೈಟ್ ಪಾನೀಯ ಎಷ್ಟೇ ಒಳ್ಳೆಯದಿರಲಿ, ಅದರಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಅದನ್ನೂ ಮಿತಿಮೀರಿ ಕುಡಿದರೆ ರಕ್ತ ತೆಳ್ಳಗಾಗುವುದು ತಪ್ಪುವುದಿಲ್ಲ, ಸ್ವಲ್ಪ ನಿಧಾನ ಆಗಬಹುದು ಅಷ್ಟೇ. ಮೊದಲು ಪ್ರಮಾಣ ಸರಿಮಾಡಿಕೊಳ್ಳಿ, ಉಪ್ಪು ಆಮೇಲೆ.

ಪ್ರಮಾಣ ಕಂಡುಹಿಡಿಯಲು ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ, ಬೇಕಾದ್ದೆಲ್ಲ ನೀವೇ ಬರೆದಿದ್ದೀರಿ. ಏಳು ಬಾಟಲಿ ಅಂದರೆ 5.25 ಲೀಟರ್. ಎರಡು ಎಳನೀರು 600 ಎಂಎಲ್ ಅಂತ ಇಟ್ಟುಕೊಳ್ಳಿ. ಇಡ್ಲಿ, ಕಾಫಿ ಸೇರಿ 400 ಗ್ರಾಂ. ಒಟ್ಟು ಒಳಗೆ ಹೋಗಿದ್ದು ಸುಮಾರು 6.25 ಕೆಜಿ. ಅದರಲ್ಲಿ 400 ಗ್ರಾಂ ಮೈಯಲ್ಲೇ ಉಳಿದು ತೂಕ ಏರಿದೆ, ಒಂದು ಸಲದ ಮೂತ್ರ 350 ಎಂಎಲ್ ಅಂತ ಬಿಡಿ. ಬಾಕಿ ಐದೂವರೆ ಲೀಟರ್ ಬೆವರು. ಗಂಟೆಗೆ 1.1 ಲೀಟರ್. ಉಸಿರಿನಲ್ಲಿ ಹೋಗುವ ತೇವ, ಸುಟ್ಟುಹೋದ ಕೊಬ್ಬು, ಸಕ್ಕರೆ ಇವನ್ನೆಲ್ಲ ನಾನು ಬಿಟ್ಟಿದ್ದೇನೆ, ಅವು ಕೆಲವು ನೂರು ಗ್ರಾಂ ಆಗುತ್ತವೆ. ಅಂದರೆ ನಿಮ್ಮ ತೂಕ 74.2ರಲ್ಲೇ ನಿಂತಿದ್ದರೂ ನೀರು ಒಂಚೂರು ಜಾಸ್ತಿಯೇ ಆಗಿರುತ್ತಿತ್ತು.

ಬಟ್ಟೆ ತೆಗೆದು ತೂಕ ನೋಡಿದ್ದು ಬಹಳ ಒಳ್ಳೆಯದಾಯಿತು. ಬೆವರಲ್ಲಿ ನೆನೆದ ಜೆರ್ಸಿ, ಚಡ್ಡಿ, ಸಾಕ್ಸ್ ಸೇರಿದರೆ ಅರ್ಧ ಕೆಜಿ ತನಕ ಲೆಕ್ಕ ತಪ್ಪಬಹುದು. ಇನ್ನೂ ಎರಡು ಮೂರು ಭಾನುವಾರ ಹೀಗೇ ಮಾಡಿ. ಹೊರಡುವ ಮುಂಚೆ ಮೂತ್ರ ಮಾಡಿ ತೂಕ, ಬಂದು ಮೈ ಒರೆಸಿಕೊಂಡು ಏನೂ ಕುಡಿಯದೆ ತೂಕ, ನಡುವೆ ಎಷ್ಟು ಬಾಟಲಿ ಅಂತ ಫೋನಲ್ಲಿ ಒಂದು ಸಾಲು. ಮೋಡ ಇದ್ದ ದಿನ ಒಂದು ಲೆಕ್ಕ ಬರುತ್ತದೆ, ಏಪ್ರಿಲ್ ಕೊನೆಯ ಭಾನುವಾರ ಇನ್ನೊಂದು. ಎರಡನ್ನೂ ತಿಳಿದುಕೊಂಡಿರಿ.

ಹಾಗಾದರೆ ಎಷ್ಟು ಕುಡಿಯಬೇಕು? ಹೋದ ಐದೂವರೆ ಲೀಟರನ್ನೂ ದಾರಿಯಲ್ಲೇ ವಾಪಸ್ ತುಂಬಬೇಕಾಗಿಲ್ಲ. ಇಂಥ ಸವಾರಿಯಲ್ಲಿ ತೂಕದ ಒಂದರಿಂದ ಎರಡು ಶೇಕಡಾ ಇಳಿದರೆ ದೇಹ ಸಲೀಸಾಗಿ ತಡೆದುಕೊಳ್ಳುತ್ತದೆ. ನಿಮ್ಮ 74 ಕೆಜಿಗೆ ಅದು 700 ಗ್ರಾಂನಿಂದ ಒಂದೂವರೆ ಕೆಜಿ. ಎರಡು ಶೇಕಡಾಕ್ಕಿಂತ ಜಾಸ್ತಿ ಇಳಿದರೆ, ಅದರಲ್ಲೂ ಇಂಥ ಸೆಕೆಯಲ್ಲಿ, ಎದೆಬಡಿತ ಏರುತ್ತದೆ, ಅದೇ ವೇಗಕ್ಕೆ ಕಾಲು ಭಾರ ಅನ್ನಿಸುತ್ತದೆ. ಆದ್ದರಿಂದ ಐದು ಗಂಟೆಗೆ ನಾಲ್ಕು ಲೀಟರ್‌ನಿಂದ ನಾಲ್ಕೂವರೆ ಲೀಟರ್ ನಿಮ್ಮ ಗುರಿ, ಎಳನೀರು, ಕಾಫಿ ಎಲ್ಲ ಅದರೊಳಗೇ ಸೇರಿ. ಸುಲಭವಾಗಿ ನೆನಪಿಡಲು: ಗಂಟೆಗೆ ನಿಮ್ಮ 750 ಎಂಎಲ್ ಬಾಟಲಿ ಒಂದು, ಬಾಕಿ ನಿಂತ ಕಡೆ ಒಂದು ಎಳನೀರೋ ಕಾಫಿಯೋ. ಇಷ್ಟರ ಮೇಲೆ ಕುಡಿದರೂ ಹೊಟ್ಟೆ ತೆಗೆದುಕೊಳ್ಳುವುದು ಕಷ್ಟ. ಪೆಡಲ್ ತುಳಿಯುತ್ತಿರುವಾಗ ಹೆಚ್ಚಿನವರ ಹೊಟ್ಟೆಯಿಂದ ಕರುಳಿಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು. ಉಳಿದಿದ್ದು ಅಲ್ಲೇ ಕುಲುಕುತ್ತಿರುತ್ತದೆ. ಸ್ಪೀಡ್ ಬ್ರೇಕರ್ ದಾಟುವಾಗ ಹೊಟ್ಟೆಯಲ್ಲಿ ಗುಳುಗುಳು ಸದ್ದು ಕೇಳಿಸಿದರೆ ಬಾಟಲಿ ಮುಟ್ಟಬೇಡಿ, ಅರ್ಧ ಗಂಟೆ ಬಿಡಿ.

ಬಾಯಾರಿದಾಗ ಮಾತ್ರ ಕುಡಿ ಅನ್ನೋ ಸಲಹೆಯೂ ಇದೆ. ಅದು ತಪ್ಪಲ್ಲ. ಎರಡು ಗಂಟೆ ಒಳಗಿನ ಸವಾರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಗಂಟೆಗೆ ಒಂದು ಲೀಟರ್ ಮೇಲೆ ಬೆವರುವವರು ಐದು ಗಂಟೆ ರಸ್ತೆಯಲ್ಲಿದ್ದರೆ ಬಾಯಾರಿಕೆ ಕೆಲವೊಮ್ಮೆ ಹಿಂದೆ ಬೀಳುತ್ತದೆ. ಅದಕ್ಕೆ ನಿಮ್ಮಂಥವರಿಗೆ ಲೆಕ್ಕ ಬೇಕು. ಲೆಕ್ಕ ಕುಡಿ ಅಂದರೂ ನೀರು ನೋಡಿದರೇ ಬೇಡ ಅನ್ನಿಸುತ್ತಿದ್ದರೆ ನಿಮ್ಮ ಗಂಟಲಿನ ಮಾತನ್ನೇ ಕೇಳಿ.

ಬೆಂಗಳೂರಿನಲ್ಲಿ ಇಷ್ಟೇ ದೂರ ಹೋಗುತ್ತಿದ್ದೆ, ಹೀಗಾಗುತ್ತಿರಲಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬೆವರು ಮೈ ತಂಪು ಮಾಡುವುದು ಆವಿಯಾದಾಗ ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಹೊತ್ತೊಯ್ಯುವುದಿಲ್ಲ. ನೀವು ಗಂಟೆಗೆ 500 ಕಿಲೊ ಕ್ಯಾಲರಿ ಸುಟ್ಟರೆ ಅದರಲ್ಲಿ ಪೆಡಲ್‌ಗೆ ಸಿಗುವುದು ನಾಲ್ಕನೇ ಒಂದು ಭಾಗವೂ ಇಲ್ಲ, ಬಾಕಿ 400 ಹತ್ತಿರ ಶಾಖವಾಗಿ ಹೊರಗೆ ಹೋಗಬೇಕು. ಅಷ್ಟಕ್ಕೆ 700 ಎಂಎಲ್ ಬೆವರು ಒಣಗಿದರೆ ಸಾಕು. ನೀವು ಸುರಿಸುತ್ತಿರುವುದು 1100. ಹೆಚ್ಚಿನದ್ದೆಲ್ಲ ಮೊಣಕೈಯಿಂದ ಟಾಪ್ ಟ್ಯೂಬ್ ಮೇಲೆ, ಹೆಲ್ಮೆಟ್ ಪಟ್ಟಿಯಿಂದ ಕನ್ನಡಕದ ಮೇಲೆ ಬಿದ್ದು ಹೋಗುತ್ತಿದೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಚರ್ಮದ ಮೇಲಿನದ್ದು ಒಣಗುವುದಿಲ್ಲ, ಮೈ ತಂಪಾಗಲಿಲ್ಲ ಅಂತ ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ಬಳ್ಳಾರಿಯ 38 ಡಿಗ್ರಿಯಲ್ಲಿ ಅಂಗಿ ಒಣಗಿರುವುದು, ಇಲ್ಲಿಯ 32ಕ್ಕೇ ಹಿಂಡಿದರೆ ನೀರು ಬರುವುದು ಇದಕ್ಕೇ.

ಸೈಕಲ್ ಓಡುತ್ತಿರುವಾಗ ಗಾಳಿ ಬಡಿದು ಒಂದಿಷ್ಟಾದರೂ ಒಣಗುತ್ತದೆ. ಮೂಡುಬಿದಿರೆಯಲ್ಲಿ ಹೋಟೆಲ್ ಮುಂದೆ ನಿಂತು ಹೆಲ್ಮೆಟ್ ತೆಗೆದ ಕೂಡಲೇ ತಲೆಯಿಂದ ಧಾರೆಯಾಗಿ ಇಳಿಯುತ್ತದಲ್ಲ, ಆಗಲೇ ಅಲ್ವಾ ಜನ ಗಾಬರಿಯಾಗಿ ಒಂದೇ ಉಸಿರಿಗೆ ಒಂದು ಲೀಟರ್ ಕುಡಿಯುವುದು? ಆಗ ಬೇಕಾಗಿರುವುದು ಫ್ಯಾನ್. ನೆರಳಲ್ಲಿ, ಫ್ಯಾನ್ ಕೆಳಗಿನ ಟೇಬಲ್ ಹುಡುಕಿ ಕೂತುಕೊಳ್ಳಿ, ಒದ್ದೆ ಟವೆಲ್ ಕುತ್ತಿಗೆಗೆ ಹಾಕಿಕೊಳ್ಳಿ, ನೀರು ಗುಟುಕು ಗುಟುಕಾಗಿ ಕುಡಿಯಿರಿ. ಏರಿದ ಮೈಶಾಖವನ್ನು ಬರೀ ನೀರು ಕುಡಿದು ಇಳಿಸಲು ಆಗುವುದಿಲ್ಲ. ವೇಗ ಇಳಿಸಿದರೆ ಇಳಿಯುತ್ತದೆ. ಸಾಧ್ಯವಾದರೆ ಐದಕ್ಕೇ ಹೊರಡಿ. ಬೆಳಗ್ಗೆ ತೇವ ಇನ್ನೂ ಜಾಸ್ತಿ ಇರುತ್ತದೆ ನಿಜ, ಆದರೆ ಬಿಸಿಲು ಇರುವುದಿಲ್ಲ. ಹತ್ತರಿಂದ ಹನ್ನೊಂದರ ನಡುವಿನ ಆ ಕೊನೆಯ ಗಂಟೆ ತಪ್ಪಿದರೆ ಅರ್ಧ ತೊಂದರೆ ತಪ್ಪಿದಂತೆ.

ದೇಹ ಸೆಕೆಗೆ ಒಗ್ಗಿಕೊಳ್ಳಲು ದಿನಾ ಒಂದು ಗಂಟೆಯಷ್ಟು ಬೆವರಿಳಿಸಿದರೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಬಂದು ಎರಡು ತಿಂಗಳಾದರೂ ವಾರವಿಡೀ ಎಸಿ ಆಫೀಸಿನಲ್ಲಿ ಕೂತು ಭಾನುವಾರ ಮಾತ್ರ ರಸ್ತೆಗೆ ಇಳಿದರೆ ಒಗ್ಗುವುದು ಅರ್ಧಂಬರ್ಧ. ಒಗ್ಗಿಕೊಂಡ ಮೈ ಬೇಗ ಬೆವರುತ್ತದೆ, ಜಾಸ್ತಿಯೇ ಬೆವರುತ್ತದೆ, ಆದರೆ ಆ ಬೆವರಲ್ಲಿ ಉಪ್ಪು ಕಡಿಮೆ. ಬೆವರು ಗ್ರಂಥಿಗಳು ಸೋಡಿಯಂ ವಾಪಸ್ ಹೀರಿಕೊಳ್ಳುವುದನ್ನು ಕಲಿತಿರುತ್ತವೆ. ವಾರದ ನಡುವೆ ಎರಡು ಮೂರು ಸಂಜೆ ಮುಕ್ಕಾಲು ಗಂಟೆ ಸೈಕಲ್ ಹೊಡೆದರೆ ಭಾನುವಾರ ವ್ಯತ್ಯಾಸ ಕಾಣುತ್ತದೆ.

ಈಗ ಉಪ್ಪು. ಬೆವರಿನ ಉಪ್ಪು ಒಬ್ಬರಿಂದ ಒಬ್ಬರಿಗೆ ವಿಪರೀತ ವ್ಯತ್ಯಾಸ, ಕೆಲವರದ್ದು ನೀರಿನ ಹಾಗೆ, ಕೆಲವರದ್ದು ಅದರ ಐದಾರು ಪಟ್ಟು ಉಪ್ಪು. ನಡುವಿನ ಲೆಕ್ಕ ಲೀಟರ್‌ಗೆ ಸುಮಾರು ಒಂದು ಗ್ರಾಂ ಸೋಡಿಯಂ, ಅಂದರೆ ಎರಡೂವರೆ ಗ್ರಾಂ ಅಡುಗೆ ಉಪ್ಪು. ನಿಮ್ಮದು ಯಾವ ಕಡೆ ಅಂತ ತಿಳಿಯಲು ಕಪ್ಪು ಜೆರ್ಸಿ ಹಾಕಿಕೊಂಡು ಹೋಗಿ, ಬಂದ ಮೇಲೆ ತೊಳೆಯದೆ ಫ್ಯಾನ್ ಕೆಳಗೆ ಒಣಗಲು ಬಿಡಿ. ಬೆನ್ನಿನ ಮೇಲೆ, ಹೆಲ್ಮೆಟ್ ಪಟ್ಟಿಯ ಮೇಲೆ ಬಿಳಿ ಗೆರೆಗಳು ದಪ್ಪವಾಗಿ ಎದ್ದರೆ, ಬೆವರು ಕಣ್ಣಿಗೆ ಇಳಿದಾಗ ಉರಿದರೆ, ನೀವು ಉಪ್ಪು ಜಾಸ್ತಿ ಕಳೆದುಕೊಳ್ಳುವವರು. ಇದು ಅಂದಾಜು ಅಷ್ಟೇ, ಆದರೆ ಬಾಟಲಿಗೆ ಎಷ್ಟು ಉಪ್ಪು ಹಾಕಬೇಕು ಅನ್ನೋದಕ್ಕೆ ಇಷ್ಟು ಸಾಕು.

ಮಧ್ಯಮ ಲೆಕ್ಕ ಹಿಡಿದರೂ ಐದೂವರೆ ಲೀಟರ್ ಬೆವರಲ್ಲಿ ಐದೂವರೆ ಗ್ರಾಂ ಸೋಡಿಯಂ ಹೋಗಿದೆ. ವಾಪಸ್ ಬಂದಿದ್ದು ಎಲ್ಲಿಂದ? ನೀರಿನಲ್ಲಿ ಇಲ್ಲ. ಎಳನೀರಿನಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಬಹಳ ಕಡಿಮೆ. ಬೆವರಿನ ಕಥೆ ಇದಕ್ಕೆ ತಿರುಗಾಮುರುಗಾ, ಸೋಡಿಯಂ ಹೆಚ್ಚು, ಪೊಟ್ಯಾಶಿಯಂ ಅದರ ಕಾಲು ಭಾಗವೂ ಇಲ್ಲ. ಎಳನೀರು ಒಳ್ಳೆಯದೇ, ನಾನೂ ಕುಡಿಯುತ್ತೇನೆ, ಆದರೆ ಬೆವರಲ್ಲಿ ಹೋದದ್ದಕ್ಕೆ ಅದು ಬದಲಿ ಅಲ್ಲ. ಕುಡಿಯುವಾಗ ಒಂದು ಚಿಟಿಕೆ ಉಪ್ಪು ಹಾಕಿಸಿಕೊಳ್ಳಿ, ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಇನ್ನು ಇಡ್ಲಿ ಸಾಂಬಾರ್, ಅದರಲ್ಲಿ ಒಂದಿಷ್ಟು ಬಂತು. ನೀವು ಮನೆಯಲ್ಲೂ ಉಪ್ಪು ಕಮ್ಮಿ ತಿನ್ನುವವರು ಬೇರೆ.

ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಬೇಕಿಲ್ಲ, ಅರ್ಧದಷ್ಟು ತುಂಬಿದರೆ ಸಾಕು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಬಾಟಲಿ ಹೇಳುತ್ತೇನೆ. 750 ಎಂಎಲ್ ನೀರಿಗೆ ಪುಡಿ ಉಪ್ಪು ಕಾಲು ಟೀ ಚಮಚ, ಮೇಲೆ ಬೆರಳಿಂದ ಗೀರಿ ಸಮ ಮಾಡಿದ್ದು. ಅದು ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಸೋಡಿಯಂ 600 ಮಿಲಿಗ್ರಾಂ ಹತ್ತಿರ. ಕಲ್ಲುಪ್ಪಿನಲ್ಲಿ ಚಮಚದ ಲೆಕ್ಕ ಸಿಗುವುದಿಲ್ಲ, ಪುಡಿ ಉಪ್ಪನ್ನೇ ಬಳಸಿ. ಸಕ್ಕರೆ ಆರು ಟೀ ಚಮಚ, ಅರ್ಧ ನಿಂಬೆಹಣ್ಣಿನ ರಸ. ಪುನರ್ಪುಳಿ ಸಾರ ಇದ್ದರೆ ನಿಂಬೆ ಬದಲು ಅದನ್ನು ಹಾಕಿ, ನಾಲ್ಕನೇ ಗಂಟೆಗೆ ಬಾಯಿಗೆ ಅದೇ ಹಿತ. ಸಕ್ಕರೆ ಬರೀ ರುಚಿಗೆ ಅಂತ ಬಿಡಬೇಡಿ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಹಾಗಂತ ಸಕ್ಕರೆ ಎರಡು ಪಟ್ಟು ಮಾಡಿದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗಿ ಮತ್ತೆ ವಾಕರಿಕೆ ಬರುತ್ತದೆ.

ಇಂಥವು ನಾಲ್ಕು ಬಾಟಲಿ, ಉಳಿದಿದ್ದು ಬರೀ ನೀರು. ಎರಡು ಬಾಟಲಿ ಮನೆಯಿಂದ ತುಂಬಿಕೊಂಡು ಹೋಗಿ. ಇನ್ನೆರಡಕ್ಕೆ ಉಪ್ಪು ಸಕ್ಕರೆ ಬೆರೆಸಿ ಸಣ್ಣ ಜಿಪ್ ಕವರಿನಲ್ಲಿ ಕಟ್ಟಿ ಜೆರ್ಸಿ ಜೇಬಿಗೆ ಹಾಕಿಕೊಳ್ಳಿ, ಕಾರ್ಕಳದಲ್ಲಿ ನೀರು ತುಂಬಿಸುವಾಗ ಸುರಿದುಕೊಂಡರಾಯಿತು. ಮೊದಲ ಬಾಟಲಿ ಕುಡಿದಾಗ ಉಪ್ಪುಪ್ಪು ಅನ್ನಿಸುತ್ತದೆ. ಮೂರನೆಯದರ ಹೊತ್ತಿಗೆ ಅನ್ನಿಸುವುದಿಲ್ಲ.

ಪುಡಿಯೇ ಬೇಕು ಅಂದರೆ ಪ್ಯಾಕೆಟ್ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ನೋಡಿ. ಒಂದೇ ಸಾಲು ಮುಖ್ಯ, ಸೋಡಿಯಂ ಎಷ್ಟು ಮಿಲಿಗ್ರಾಂ, ಎಷ್ಟು ನೀರಿಗೆ. ಅರ್ಧ ಲೀಟರ್‌ಗೆ 300ರಿಂದ 500 ಮಿಲಿಗ್ರಾಂ ಇದ್ದರೆ ನಿಮಗೆ ಉಪಯೋಗ. ಐವತ್ತೋ ನೂರೋ ಇದ್ದರೆ ಅದು ಬಣ್ಣದ ಶರಬತ್ತು. ಮೆಗ್ನೀಸಿಯಂ, ಸತು, ಐದಾರು ವಿಟಮಿನ್ ಅಂತ ಉದ್ದ ಪಟ್ಟಿ ಇದ್ದರೂ ಐದು ಗಂಟೆಯ ಬೆವರಿಗೆ ಅವು ಲೆಕ್ಕಕ್ಕಿಲ್ಲ.

ಓಆರ್‌ಎಸ್ ಬಗ್ಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಓಆರ್‌ಎಸ್‌ನಲ್ಲಿ ಲೀಟರ್‌ಗೆ 75 ಮಿಲಿಮೋಲ್ ಸೋಡಿಯಂ ಇರುತ್ತದೆ, ಗ್ರಾಂ ಲೆಕ್ಕದಲ್ಲಿ 1.7. ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದನ್ನು ಮಾಡಿರುವುದು ಭೇದಿಗೆ. ಹಾಗಾಗಿ ಉಪ್ಪು ಜಾಸ್ತಿ, ಸೈಕಲ್ ತುಳಿಯಲು ಬೇಕಾದ ಶಕ್ತಿ ಕಡಿಮೆ. ನಿಮ್ಮ ಜೆರ್ಸಿ ಮೇಲೆ ಬಿಳಿ ಗೆರೆ ದಪ್ಪವಿದ್ದರೆ ನಾಲ್ಕರಲ್ಲಿ ಒಂದೆರಡು ಬಾಟಲಿ ಓಆರ್‌ಎಸ್ ಮಾಡಿಕೊಳ್ಳಿ, ಜೊತೆಗೆ ಬಾಳೆಹಣ್ಣೋ ಚಿಕ್ಕಿಯೋ ತಿನ್ನಿ. ಆದರೆ ಒಂದು ಲೀಟರ್‌ನ ಪ್ಯಾಕೆಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಬೇಡಿ, ಪುಡಿಯನ್ನು ಹಾಗೇ ಬಾಯಿಗೂ ಹಾಕಿಕೊಳ್ಳಬೇಡಿ. ಅಷ್ಟು ಗಟ್ಟಿಯಾದದ್ದು ಕರುಳಿಗೆ ಹೋದರೆ ಅಲ್ಲಿಗೇ ನೀರೆಳೆದು ಹೊಟ್ಟೆ ಕೆಡಿಸುತ್ತದೆ. ಕೊಳ್ಳುವಾಗ ಮೆಡಿಕಲ್ ಶಾಪ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾ ಅಂತ ಬರೆದ ಪ್ಯಾಕೆಟನ್ನೇ ಕೇಳಿ. ಸಿಹಿ ತುಂಬಿದ ಟೆಟ್ರಾ ಪ್ಯಾಕ್‌ಗಳ ಮೇಲೂ ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಮಾರುತ್ತಿದ್ದರು, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಅದನ್ನು ನಿಲ್ಲಿಸಲು ಆದೇಶ ಮಾಡಿತು.

ಸ್ನಾಯು ಹಿಡಿದುಕೊಳ್ಳುವುದನ್ನು ನೀವು ಕೇಳಿಲ್ಲ, ಆದರೆ ಉಪ್ಪಿನ ಮಾತು ಬಂದರೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಮೀನಖಂಡ ಹಿಡಿದುಕೊಂಡರೆ ಉಪ್ಪು ಕಮ್ಮಿಯಾಗಿದೆ ಅಂತ ತೀರ್ಮಾನಿಸಬೇಡಿ. ಹೆಚ್ಚಿನ ಸಲ ಅದು ದಣಿದ ಸ್ನಾಯುವಿನ ತಕರಾರು, ಎಳೆದು ಹಿಡಿದರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಉಪ್ಪು ತಿಂದು ಅಷ್ಟು ಬೇಗ ಸ್ನಾಯುವಿಗೆ ತಲುಪಲು ಸಾಧ್ಯವೇ ಇಲ್ಲ.

ಮನೆಗೆ ಬಂದ ಮೇಲೆ ಗಟಗಟ ಕುಡಿಯುವುದು ಬಿಡಿ. ಹೊಸ ಲೆಕ್ಕದಲ್ಲಿ ನಿಮ್ಮ ತೂಕ ಒಂದೂವರೆ ಕೆಜಿ ಇಳಿದಿದೆ ಅಂತಿಟ್ಟುಕೊಳ್ಳಿ. ಮೂತ್ರದಲ್ಲಿ ಹೋಗುವುದನ್ನೂ ಸೇರಿಸಿ ಎರಡು ಲೀಟರ್ ಬೇಕು, ಆದರೆ ಮೂರು ನಾಲ್ಕು ಗಂಟೆಯಲ್ಲಿ, ಊಟದ ಜೊತೆ. ಕರಾವಳಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಊಟ ಇದೆ. ಕುಚ್ಚಲಕ್ಕಿ ಗಂಜಿ, ತಿಳಿ ಚೆಲ್ಲದೆ, ಉಪ್ಪು ಹಾಕಿ, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಲೋಟ ಮಜ್ಜಿಗೆ. ನೀರು, ಪಿಷ್ಟ, ಸೋಡಿಯಂ ಮೂರೂ ಒಂದೇ ಬಟ್ಟಲಲ್ಲಿ ಬಂತು. ಉಪ್ಪು ಜೊತೆಗಿದ್ದರೆ ಕುಡಿದ ನೀರು ದೇಹದಲ್ಲಿ ನಿಲ್ಲುತ್ತದೆ, ಬರೀ ನೀರು ಕುಡಿದರೆ ಹೆಚ್ಚಿನದ್ದು ಸೋರಿಹೋಗುತ್ತದೆ. ಒಂದು ಎಚ್ಚರ. ಈ ಎರಡು ಲೀಟರ್ ತೂಕ ಇಳಿದಿದ್ದರೆ ಮಾತ್ರ. ತೂಕ ಏರಿದ್ದ ದಿನ ಮೂತ್ರ ಧಾರಾಳವಾಗಿ ಬರುವ ತನಕ ನೀರು ಕುಡಿಯಬೇಡಿ, ಉಪ್ಪು ಇರುವುದನ್ನು ತಿನ್ನಿ.

ಬಿಪಿ ವಿಷಯ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅನ್ನೋದು ಸರಿಯಾದ ಸಲಹೆಯೇ, ಸೋಮವಾರದಿಂದ ಶನಿವಾರ ಅದನ್ನೇ ಪಾಲಿಸಿ. ಭಾನುವಾರ ಮಾತ್ರ ನಿಮ್ಮ ಮೈಯಿಂದ ಹದಿಮೂರು ಹದಿನಾಲ್ಕು ಗ್ರಾಂ ಉಪ್ಪು ಬೆವರಾಗಿ ಹೋಗುತ್ತಿದೆ, ಆ ದಿನಕ್ಕೆ ಆ ಲೆಕ್ಕ ಹೊಂದುವುದಿಲ್ಲ. ನಿಮಗೇ ಬಿಪಿ ಇದ್ದು ಮಾತ್ರೆ ನಡೆಯುತ್ತಿದ್ದರೆ, ಅದರಲ್ಲೂ ಹೈಡ್ರೋಕ್ಲೋರೋಥಯಝೈಡ್‌ನಂಥ ಮೂತ್ರ ಹೋಗಿಸುವ ಮಾತ್ರೆಯಿದ್ದರೆ, ಅಥವಾ ಹೃದಯ, ಮೂತ್ರಪಿಂಡದ ತೊಂದರೆ ಇದ್ದರೆ ಈ ಬರಹದ ಲೆಕ್ಕ ನಿಮಗಲ್ಲ. ನಿಮ್ಮ ವೈದ್ಯರ ಹತ್ತಿರ ಕೂತು ಬೇರೆ ಲೆಕ್ಕ ಮಾಡಿಸಿಕೊಳ್ಳಿ. ಆ ಮಾತ್ರೆಗಳೇ ಸೋಡಿಯಂ ಇಳಿಸುತ್ತವೆ.

ನೀವು ನುಂಗುವ ನೋವಿನ ಮಾತ್ರೆ ಯಾವುದು ಅಂತ ಬರೆದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನದ್ದಾದರೆ ಸವಾರಿಯ ದಿನ ಮುಟ್ಟಬೇಡಿ. ಅವು ಮೂತ್ರಪಿಂಡ ನೀರು ಹೊರಹಾಕುವುದನ್ನು ಇನ್ನಷ್ಟು ತಡೆಯುತ್ತವೆ, ನೀರು ಕಡಿಮೆಯಾಗಿದ್ದ ದಿನ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಹುದು.

ನಿಮ್ಮ ಮನೆಯವರಿಗೂ ಜೊತೆಯ ಸವಾರರಿಗೂ ಇದೊಂದು ಹೇಳಿಟ್ಟಿರಿ. ತಲೆನೋವಿನ ಜೊತೆ ವಾಂತಿ ನಿಲ್ಲದಿದ್ದರೆ, ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ, ನಡೆಯುವಾಗ ತೂರಾಡಿದರೆ, ಫಿಟ್ಸ್ ಬಂದರೆ, ಬಾಯಿಗೆ ನೀರು ಹಾಕದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮೈ ಕೆಂಡದ ಹಾಗೆ ಸುಡುತ್ತಿದ್ದು ಗೊಂದಲವೂ ಇದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಆಗ ಆಂಬುಲೆನ್ಸ್‌ಗೆ ಕಾಯುತ್ತಲೇ ಮೈಮೇಲೆ ತಣ್ಣೀರು, ಐಸ್ ಸುರಿಯಲು ಶುರುಮಾಡಬೇಕು. ನಮ್ಮಲ್ಲಿ ಸುಸ್ತಾದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡು ಬರುವ ರೂಢಿ ಇದೆಯಲ್ಲ, ಸೋಡಿಯಂ ಇಳಿದವರಿಗೆ ಅದು ಅಪಾಯ. ಆ ಗ್ಲೂಕೋಸನ್ನು ದೇಹ ಸ್ವಲ್ಪ ಹೊತ್ತಿನಲ್ಲೇ ಬಳಸಿಕೊಳ್ಳುತ್ತದೆ, ಉಳಿಯುವುದು ಬರೀ ನೀರು, ಅದೂ ನೇರ ರಕ್ತಕ್ಕೆ. ಇಂಥವರಿಗೆ ಬೇಕಾಗುವುದು ಮೂರು ಶೇಕಡಾ ಉಪ್ಪಿನ ದ್ರಾವಣ, ಅದನ್ನು ಸೋಡಿಯಂ ಪರೀಕ್ಷೆ ಮಾಡಿ ಆಸ್ಪತ್ರೆಯಲ್ಲೇ ಕೊಡಬೇಕು. ಅಲ್ಲಿ ತಲುಪಿದ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಬೇಕಾದ್ದು ಇಷ್ಟೇ: ಐದು ಗಂಟೆ ಸೈಕಲ್ ತುಳಿದಿದ್ದಾರೆ, ಇಷ್ಟು ಲೀಟರ್ ನೀರು ಕುಡಿದಿದ್ದಾರೆ, ತೂಕ ಏರಿದೆ, ದಯವಿಟ್ಟು ಮೊದಲು ಸೋಡಿಯಂ ನೋಡಿ.